ಬಾಳೆಹೂವು ಕಪ್ಪಾದ ಬೆಳಿಗ್ಗೆ

ಅಡುಗೆ ಕೆಲಸಕ್ಕೆ ಸೇರಿದ ಮೊದಲ ವರ್ಷ. ಮರುದಿನದ ಪಲ್ಯಕ್ಕೆಂದು ಹತ್ತು ಬಾಳೆಹೂವನ್ನು ರಾತ್ರಿಯೇ ಹೆಚ್ಚಿ, ದೊಡ್ಡ ಪಾತ್ರೆಯ ನೀರಿಗೆ ಹಾಕಿಟ್ಟೆ. ಬೆಳಿಗ್ಗೆ ನೋಡಿದರೆ ಮೇಲೆ ತೇಲುತ್ತಿದ್ದದ್ದೆಲ್ಲ ಕಪ್ಪು, ಕೆಳಗಿದ್ದದ್ದು ಕಂದು. ಗಾಬರಿಯಲ್ಲಿ ನಿಂಬೆರಸ ಹಿಂಡಿದೆ. ಬಣ್ಣ ಬದಲಾಗಲಿಲ್ಲ.

ಹಿರಿಯ ಅಡುಗೆಯವರು ಬಂದು ಪಾತ್ರೆಗೆ ಕೈ ಹಾಕಿದರು. "ನೀರಿಗೆ ಹುಳಿ ಹಾಕಿದ್ದೆಯಾ? ತೇಲದ ಹಾಗೆ ಮೇಲೆ ಏನಾದ್ರೂ ಇಟ್ಟಿದ್ದೆಯಾ?" ಎಂದು ಕೇಳಿದರು. ಎರಡನ್ನೂ ಮಾಡಿರಲಿಲ್ಲ.

ಹೂವಿನಲ್ಲಿರುವ ಒಗರಿನ ಅಂಶವೂ ಒಂದು ಕಿಣ್ವವೂ ಬೇರೆಬೇರೆಯಾಗಿ ಇರುತ್ತವೆ. ಚಾಕು ತಾಗಿದಾಗ ಅವೆರಡೂ ಬೆರೆಯುತ್ತವೆ, ಗಾಳಿ ಸೇರಿದರೆ ಕಪ್ಪಾಗುತ್ತದೆ. ಹುಳಿ ಆ ಕಿಣ್ವದ ಕೈ ಕಟ್ಟುತ್ತದೆ, ನೀರು ಗಾಳಿಯನ್ನು ದೂರ ಇಡುತ್ತದೆ. ಚೆನ್ನಾಗಿ ಬೆಂದರೆ ಕಿಣ್ವದ ಆಟವೇ ಮುಗಿಯಿತು. ಅಂದರೆ ಕಾಪಾಡಬೇಕಾದದ್ದು ಹೆಚ್ಚಿದಾಗಿನಿಂದ ಒಲೆಗೆ ಹಾಕುವವರೆಗೆ ಮಾತ್ರ.

ಹಾಗಾಗಿ ಈಗ ನಾನು ಮೊದಲು ಹುಳಿನೀರು ರೆಡಿ ಮಾಡಿಕೊಳ್ಳುತ್ತೇನೆ. ಎರಡು ಲೀಟರ್ ನೀರಿಗೆ ಒಂದು ಲೋಟ ಹುಳಿ ಮಜ್ಜಿಗೆ, ಒಂದು ಚಮಚ ಉಪ್ಪು. ಆಮೇಲೆ ಕೈಗೆ, ಚಾಕುವಿಗೆ, ಮಣೆಗೆ ಎಣ್ಣೆ ಸವರುತ್ತೇನೆ, ಇಲ್ಲದಿದ್ದರೆ ಅಂಟು ಬಿಡುವುದಿಲ್ಲ. ಚಾಕು ಸ್ಟೀಲಿನದೇ ಆಗಬೇಕು. ಕಬ್ಬಿಣಕ್ಕೆ ಒಗರು ತಾಗಿದರೆ ಅದೇ ಬೇರೆ ಕಪ್ಪು ಹಿಡಿಯುತ್ತದೆ.

ಕೆಂಪು ಹೊದಿಕೆ ಒಂದೊಂದಾಗಿ ಬಿಡಿಸಿದರೆ ಅದರಡಿ ಸಾಲಾಗಿ ಪುಟ್ಟ ಹೂಗಳು ಸಿಗುತ್ತವೆ. ಪ್ರತಿ ಹೂವಿನ ನಡುವೆ ತುದಿಯಲ್ಲಿ ಗುಂಡು ತಲೆಯಿರುವ ಗಟ್ಟಿ ಕಡ್ಡಿ, ಬುಡದಲ್ಲಿ ಪ್ಲಾಸ್ಟಿಕ್ಕಿನಂತೆ ಹೊಳೆಯುವ ಚಿಕ್ಕ ಎಸಳು. ಎರಡೂ ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ, ಕಿತ್ತು ಬಿಸಾಡಬೇಕು. ಬೇಸರದ ಕೆಲಸ ನಿಜ, ಆದರೆ ಒಂದು ಕಡ್ಡಿ ಉಳಿದರೂ ಬಾಯಿಗೆ ಗೊತ್ತಾಗುತ್ತದೆ. ಒಳಗೆ ಹೋದಂತೆ ಕಡ್ಡಿ ಎಳೆಯದಾಗುತ್ತದೆ. ಉಗುರಿನಿಂದ ಒತ್ತಿದರೆ ಸುಲಭವಾಗಿ ತುಂಡಾಗುವಷ್ಟು ಎಳೆಯದಾಗಿದ್ದರೆ ತೆಗೆಯದೆ ಬಿಡಬಹುದು. ಹೊದಿಕೆ ಬಿಡಿಸಲು ಬಾರದ ಬಿಳಿ ಗಡ್ಡೆಯನ್ನು ಹಾಗೇ ಹೆಚ್ಚುತ್ತೇನೆ. ರಾತ್ರಿ ಸಮಯವಿದ್ದರೆ ಕಡ್ಡಿ ತೆಗೆಯುವುದಷ್ಟನ್ನು ಮುಗಿಸಿ, ಹೂಗಳನ್ನು ಇಡಿಯಾಗಿ ಹುಳಿನೀರಿನಲ್ಲಿ ಇಡುತ್ತೇನೆ. ಹೆಚ್ಚುವುದು ಬೆಳಿಗ್ಗೆಯೇ. ಒಂದು ಹಿಡಿ ಹೆಚ್ಚಿದ ಕೂಡಲೇ ನೀರಿಗೆ, ಮೇಲೆ ಒಂದು ತಟ್ಟೆ ಕವುಚಿ ಮುಳುಗಿಸುತ್ತೇನೆ.

ಬಾಳೆದಿಂಡಿಗೂ ಅದೇ ಥರದ ಹುಳಿನೀರು ಸಾಕು. ಹೊರಗಿನ ಪದರ ಸುಲಭವಾಗಿ ಬಿಚ್ಚಿಕೊಳ್ಳುತ್ತಿರುವವರೆಗೂ ಅದು ದಿಂಡಲ್ಲ. ಬಿಚ್ಚಲು ಬಾರದ ಬಿಳಿ ಕೋಲು ಸಿಗುವ ತನಕ ತೆಗೆಯಬೇಕು. ತೆಳ್ಳಗೆ ಬಿಲ್ಲೆ ಕತ್ತರಿಸಿ ಎಳೆದರೆ ಎರಡರ ಮಧ್ಯೆ ಜೇಡರ ಬಲೆಯಂತೆ ನಾರು ಬರುತ್ತದೆ. ಅದನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತಾ ಹೋದರೆ ಒಂದು ದಿಂಡು ಮುಗಿಯುವಾಗ ಬೆರಳಿಗೆ ಉಂಗುರವೇ ಆಗಿರುತ್ತದೆ. ಬಿಲ್ಲೆಗಳನ್ನು ಸಣ್ಣಗೆ ಹೆಚ್ಚಿ ಮಜ್ಜಿಗೆ ನೀರಿಗೆ ಹಾಕಿದ ಮೇಲೆ ಒಂದು ಫೋರ್ಕಿನಿಂದ ಗರಗರ ತಿರುಗಿಸುತ್ತೇನೆ. ಉಳಿದ ನಾರೂ ಅದಕ್ಕೆ ಸುತ್ತಿಕೊಂಡು ಬರುತ್ತದೆ. ಫೋರ್ಕು ಬರಿದಾಗಿ ಮೇಲೆ ಬಂದಾಗ ನೀರು ಬಸಿದು ಒಲೆಗೆ ಹಾಕುತ್ತೇನೆ.