ಅನಾನಸ್ ಅಪ್‌ಸೈಡ್ ಡೌನ್ ಕೇಕ್: ರಸ ಸ್ಪಂಜಿಗೆ ಇಳಿಯದ ಹಾಗೆ ಮಾಡುವುದು

ಬೆಂಗಳೂರಿನ ಒಂದು ಚಿಕ್ಕ ಬೇಕರಿಯ ಕೇಕ್ ವಿಭಾಗದಲ್ಲಿ ನನ್ನ ಕೆಲಸ. ನಮ್ಮಲ್ಲಿ ಕ್ಯಾರಮೆಲ್ ಹಾಕಿದ ಅನಾನಸ್ ಅಪ್‌ಸೈಡ್ ಡೌನ್ ಕೇಕಿಗೆ ಆರ್ಡರ್ ಜಾಸ್ತಿ. ಇದರ ಬಗ್ಗೆ ಬರುವ ದೂರು ಮಾತ್ರ ಯಾವಾಗಲೂ ಒಂದೇ: "ಮೇಲೆ ಚೆನ್ನಾಗಿದೆ, ಹಣ್ಣಿನ ಕೆಳಗೆ ಹಸಿ ಹಸಿ ಇದೆ."

ಈ "ಹಸಿ" ಎರಡು ಬಗೆ. ಎರಡಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಆದ್ದರಿಂದ ದೂರು ಬಂದ ಕೂಡಲೇ ಬೇಯಿಸುವ ಹೊತ್ತನ್ನು ಹೆಚ್ಚಿಸಬೇಡಿ. ಮೊದಲು ಕೇಕನ್ನು ಮೇಲಿಂದ ಕೆಳಗೆ ನೇರವಾಗಿ ಕತ್ತರಿಸಿ, ಕತ್ತರಿಸಿದ ಮುಖ ನೋಡಿ. ಹಣ್ಣಿನ ಕೆಳಗೆ ಒಂದು ಬೆರಳಷ್ಟು ದಪ್ಪದ ಪಟ್ಟಿ ರಂಧ್ರಗಳಿಲ್ಲದೆ ಅಂಟಂಟಾಗಿ ಕಾಣಿಸಿದರೆ, ಹಣ್ಣಿನ ರಸ ಓವನ್‌ನಲ್ಲೇ ಹಿಟ್ಟಿಗೆ ಸೇರಿದೆ, ಅಲ್ಲಿ ಸ್ಪಂಜ್ ಎದ್ದೇ ಇಲ್ಲ ಎಂದು ಅರ್ಥ. ಸ್ಪಂಜಿನ ರಂಧ್ರಗಳು ಚೆನ್ನಾಗಿ ತೆರೆದಿದ್ದು, ಅವುಗಳಲ್ಲಿ ಕಂದು ಬಣ್ಣದ ನೀರು ನಿಂತಿದ್ದರೆ, ಕೇಕ್ ಸರಿಯಾಗಿಯೇ ಬೆಂದಿದೆ. ಆಮೇಲೆ ಮೇಲಿನಿಂದ ರಸ ಇಳಿದಿದೆ.

ಎರಡಕ್ಕೂ ಮೂಲ ಒಂದೇ, ಹಣ್ಣಿನ ನೀರು. ಅನಾನಸ್ಸಿನ ತೂಕದಲ್ಲಿ ಸುಮಾರು ನೂರಕ್ಕೆ ಎಂಬತ್ತೈದು ಪಾಲು ನೀರೇ. ನಾಲ್ಕು ನೂರು ಗ್ರಾಂ ಹಣ್ಣು ಜೋಡಿಸಿದರೆ ಅದರಲ್ಲಿ ಮುನ್ನೂರು ಗ್ರಾಂಗಿಂತ ಜಾಸ್ತಿ ನೀರು ಟಿನ್ನಿನ ತಳದಲ್ಲಿ ಕೂತಿರುತ್ತದೆ. ಓವನ್ ಬಿಸಿಗೆ ಹಣ್ಣು ಮೆತ್ತಗಾಗಿ ರಸ ಬಿಡಲು ಶುರುಮಾಡುವ ಹೊತ್ತಿಗೆ, ಮೇಲಿರುವ ಹಿಟ್ಟು ಇನ್ನೂ ಗಟ್ಟಿಯಾಗಿರುವುದಿಲ್ಲ. ಹಿಟ್ಟು ಕೂರುವ ಮೊದಲೇ ರಸ ಬಂದರೆ ಅದು ಹಿಟ್ಟಿನೊಳಗೆ ಸೇರುತ್ತದೆ. ಕೂತ ಮೇಲೆ ಬಂದರೆ ಕ್ಯಾರಮೆಲ್ ಕರಗಿಸುತ್ತದೆ. ಕೇಕನ್ನು ಮಗುಚಿದಾಗ ಹಣ್ಣು ಮೇಲಕ್ಕೆ ಬರುತ್ತದಲ್ವಾ? ಆಗ ತೆಳುವಾದ ಆ ಕ್ಯಾರಮೆಲ್ ನೀರು ಇಳಿಯಲು ಇರುವುದು ಸ್ಪಂಜ್ ಒಂದೇ.

ಹಾಗಾಗಿ ನಮ್ಮಲ್ಲಿ ಒಂದು ಪದ್ಧತಿ ಇದೆ. ಹಸಿ ಹಣ್ಣು ಟಿನ್ನಿಗೆ ಹೋಗುವುದಿಲ್ಲ. ಮೊದಲು ರಸ ಬಿಡಿಸಿ, ತೂಕ ನೋಡಿ, ಆಮೇಲೆ ಜೋಡಿಸುತ್ತೇವೆ. ಎಂಟು ಇಂಚಿನ ಒಂದು ಕೇಕಿನ ಲೆಕ್ಕ ಹೇಳುತ್ತೇನೆ.

ಸಿಪ್ಪೆ, ಕಣ್ಣು, ನಡುವಿನ ಗಟ್ಟಿ ಭಾಗ ತೆಗೆದ ಮೇಲೆ ನಾಲ್ಕು ನೂರು ಗ್ರಾಂ ಹಣ್ಣು ಬೇಕು. ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ. ಇದಕ್ಕಿಂತ ತೆಳುವಾದರೆ ತವಾದಲ್ಲಿ ಒಡೆಯುತ್ತದೆ, ದಪ್ಪವಾದರೆ ನಡುವಿನ ನೀರು ಹೊರಗೆ ಬರುವುದಿಲ್ಲ. ಇಪ್ಪತ್ತು ಗ್ರಾಂ ಸಕ್ಕರೆ ಉದುರಿಸಿ ಅರ್ಧ ಗಂಟೆ ಬಿಡಿ. ಸಕ್ಕರೆ ತಾನಾಗಿಯೇ ರಸ ಎಳೆಯುತ್ತದೆ. ಬಟ್ಟಲಿನ ತಳದಲ್ಲಿ ಸುಮಾರು ಅರವತ್ತು ಎಂಎಲ್ ರಸ ನಿಲ್ಲುತ್ತದೆ. ಅದನ್ನು ಚೆಲ್ಲಬೇಡಿ, ಬೇರೆ ತೆಗೆದಿಡಿ.

ಈಗ ಅಗಲವಾದ ತವಾ ಚೆನ್ನಾಗಿ ಕಾಯಿಸಿ. ಎಣ್ಣೆ ಬೇಡ, ಬೆಣ್ಣೆಯೂ ಬೇಡ. ಬಿಲ್ಲೆಗಳನ್ನು ಒಂದರ ಮೇಲೊಂದು ಬಾರದ ಹಾಗೆ ಹರಡಿ, ಮಧ್ಯಮ ಉರಿಯಲ್ಲಿ ಪ್ರತಿ ಬದಿಗೆ ಮೂರು ನಾಲ್ಕು ನಿಮಿಷ ಬೇಯಿಸಿ. ತವಾ ತುಂಬಾ ಹಾಕಿದರೆ ಹಣ್ಣು ತನ್ನದೇ ಹಬೆಯಲ್ಲಿ ಬೇಯುತ್ತದೆ ಹೊರತು ಒಣಗುವುದಿಲ್ಲ. ಅವಸರವಿರುವ ದಿನ ನಮ್ಮ ಹುಡುಗರು ಜಾರುವುದು ಇಲ್ಲೇ. ಎರಡು ಸಲ ಮಾಡಿದರೂ ಪರವಾಗಿಲ್ಲ, ಜಾಗ ಬಿಟ್ಟು ಹಾಕಬೇಕು. ಅಂಚು ಕಂದಾಗಿ, ತವಾದಲ್ಲಿ ಗುಳ್ಳೆ ಗುಳ್ಳೆ ನೀರು ಕಾಣಿಸುವುದು ನಿಂತಾಗ ತೆಗೆದು ತಂತಿ ಜಾಲರಿಯ ಮೇಲೆ ಹರಡಿ. ತಟ್ಟೆಯಲ್ಲಿ ಹಾಕಿದರೆ ಬಿಸಿಗೆ ಅಡಿಯಲ್ಲಿ ಮತ್ತೆ ನೀರು ಕೂರುತ್ತದೆ.

ಆರಿದ ಮೇಲೆ ತೂಗಿ. ಸಕ್ಕರೆ ಸೇರಿ ನಾಲ್ಕು ನೂರ ಇಪ್ಪತ್ತು ಗ್ರಾಂ ಇದ್ದದ್ದು ಮುನ್ನೂರರ ಆಸುಪಾಸಿಗೆ ಬಂದಿರಬೇಕು. ಮುನ್ನೂರ ಐವತ್ತು ಇದ್ದರೆ ಮತ್ತೆ ತವಾಕ್ಕೆ ಹಾಕಿ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ತೂಕದಲ್ಲಿ ಮಾತ್ರ ಗೊತ್ತಾಗುತ್ತದೆ. ಒಳ್ಳೆಯ ಅನಾನಸ್ ಸಿಗುವ ಕಾಲದಲ್ಲಿ ಹಣ್ಣು ಹೆಚ್ಚು ಮಾಗಿ ರಸ ಜಾಸ್ತಿ ಇರುತ್ತದೆ. ಆಗ ತಕ್ಕಡಿ ಇಲ್ಲದೆ ಈ ಕೆಲಸ ಮಾಡಬಾರದು ಎಂದೇ ನನ್ನ ಅಭಿಪ್ರಾಯ.

ಬೇಯಿಸುವುದರಿಂದ ಇನ್ನೊಂದು ಲಾಭ ಇದೆ. ಹಸಿ ಅನಾನಸ್ಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವ ಇರುತ್ತದೆ, ಅದು ಪ್ರೋಟೀನನ್ನು ಒಡೆಯುತ್ತದೆ. ಮೊಟ್ಟೆ ಹಾಕಿದ ಹಿಟ್ಟು ಹಸಿ ಹಣ್ಣಿಗೆ ತಾಗಿಕೊಂಡು ಓವನ್ ಸರದಿಗಾಗಿ ಕಾಯುತ್ತಾ ಕೂತರೆ, ತಾಗಿದ ಜಾಗ ಸಡಿಲವಾಗಬಹುದು. ಚೆನ್ನಾಗಿ ಬಿಸಿಯಾದರೆ ಈ ಕಿಣ್ವ ಕೆಲಸ ನಿಲ್ಲಿಸುತ್ತದೆ. ಡಬ್ಬಿಯ ಅನಾನಸ್ಸನ್ನು ಡಬ್ಬಿಗೆ ತುಂಬುವಾಗಲೇ ಬಿಸಿ ಮಾಡಿರುತ್ತಾರೆ, ಅದಕ್ಕೆ ಈ ತೊಂದರೆ ಇಲ್ಲ. ಆದರೆ ಅದು ಸಕ್ಕರೆ ಪಾಕದಲ್ಲಿ ನೆನೆದಿರುತ್ತದೆ. ಸೋಸಿ, ಒತ್ತಿ ಒರೆಸಿ, ಅದನ್ನೂ ತವಾಕ್ಕೆ ಹಾಕಲೇಬೇಕು.

ತೆಗೆದಿಟ್ಟ ರಸವನ್ನು ಚಿಕ್ಕ ಪಾತ್ರೆಯಲ್ಲಿ ಎರಡು ಟೇಬಲ್ ಚಮಚ ಆಗುವವರೆಗೆ ಕುದಿಸಿ. ನೀರು ಹೋಗಿ ಅನಾನಸ್ಸಿನ ರುಚಿ ಮಾತ್ರ ಉಳಿಯುತ್ತದೆ. ಇದನ್ನು ಕ್ಯಾರಮೆಲ್‌ಗೆ ಸೇರಿಸಬೇಕು. ನೂರ ಇಪ್ಪತ್ತು ಗ್ರಾಂ ಸಕ್ಕರೆಯನ್ನು ಒಣ ಬಾಣಲೆಯಲ್ಲಿ ಕಡು ಜೇನಿನ ಬಣ್ಣಕ್ಕೆ ಕರಗಿಸಿ, ಉರಿ ಆರಿಸಿ ನಲವತ್ತು ಗ್ರಾಂ ಬೆಣ್ಣೆ, ಚಿಟಿಕೆ ಉಪ್ಪು ಹಾಕಿ. ಆಮೇಲೆ ಕುದಿಸಿದ ರಸವನ್ನು ಬಿಸಿಯಾಗಿಯೇ, ಸ್ವಲ್ಪ ಸ್ವಲ್ಪವಾಗಿ ಹಾಕಿ. ಜೋರಾಗಿ ಉಕ್ಕುತ್ತದೆ, ಕೈ ದೂರ ಇರಲಿ. ತಣ್ಣಗಿನ ಸ್ಟೀಲ್ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು, ಆರಿದ ಮೇಲೆ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಹಾಗೇ ನಿಂತರೆ ಸರಿ. ಎರಡು ಕಡೆಯಿಂದ ಹರಿದು ಕೂಡಿಕೊಂಡರೆ ಇನ್ನೂ ಒಂದು ನಿಮಿಷ ಕುದಿಸಿ.

ಕ್ಯಾರಮೆಲ್ ಟಿನ್ನಿಗೆ ಸುರಿದು ಹತ್ತು ನಿಮಿಷ ಆರಲು ಬಿಡಿ, ಆಮೇಲೆ ಹಣ್ಣು ಜೋಡಿಸಿ. ತಳ ಬಿಚ್ಚುವ ಟಿನ್ ಇದಕ್ಕೆ ಬೇಡವೇ ಬೇಡ. ಕ್ಯಾರಮೆಲ್ ಸೋರಿ ಓವನ್ ಹಾಳಾಗುತ್ತದೆ.

ಹಣ್ಣಿನ ಮೇಲೆ ನಾವು ಒಂದೂವರೆ ಟೇಬಲ್ ಚಮಚ ರಸ್ಕ್ ಪುಡಿ ಉದುರಿಸುತ್ತೇವೆ. ಬೇಕರಿಯಲ್ಲಿ ರಸ್ಕ್‌ಗೆ ಕೊರತೆ ಇಲ್ಲ. ಮನೆಯಲ್ಲಾದರೆ ಹುರಿದ ಚಿರೋಟಿ ರವೆ ಸಾಕು. ಉಳಿದ ಸ್ವಲ್ಪ ರಸವನ್ನು ಅದು ಹಿಡಿದುಕೊಳ್ಳುತ್ತದೆ. ಆದರೆ ರಸ ಬಿಡಿಸದ ಹಣ್ಣಿಗೆ ಇದು ಪರಿಹಾರ ಅಲ್ಲ. ಅಷ್ಟು ನೀರು ಹಿಡಿಯಲು ಬೇಕಾಗುವಷ್ಟು ಪುಡಿ ಹಾಕಿದರೆ ಹಣ್ಣಿಗೂ ಸ್ಪಂಜಿಗೂ ನಡುವೆ ಉಂಡೆಗಟ್ಟಿದ ಒಂದು ಪದರ ಕೂರುತ್ತದೆ.

ಹಿಟ್ಟಿನ ವಿಷಯ ಬೇಗ ಹೇಳುತ್ತೇನೆ. ಬೆಣ್ಣೆ, ಸಕ್ಕರೆ, ಮೈದಾ ತಲಾ ನೂರ ಐವತ್ತು ಗ್ರಾಂ, ಮೂರು ಮೊಟ್ಟೆ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಎರಡು ಟೇಬಲ್ ಚಮಚ ಹಾಲು. ಚಮಚದಿಂದ ನಿಧಾನವಾಗಿ ಬೀಳುವಷ್ಟು ಗಟ್ಟಿ ಇರಬೇಕು. ಪೇಸ್ಟ್ರಿಗೆ ಮಾಡುವ ಬೆಣ್ಣೆ ಇಲ್ಲದ ಹಗುರ ಸ್ಪಂಜ್ ಇಲ್ಲಿ ಬೇಡ. ಅದು ಪಾಕ ಹೀರಲಿ ಅಂತಲೇ ಇರುವುದು.

ಓವನ್ನಿನಲ್ಲಿ ತಳದ ಬಿಸಿಯೇ ಮುಖ್ಯ. ಕೇಕಿನ ಅತಿ ಒದ್ದೆ ಭಾಗ ಟಿನ್ನಿನ ತಳದಲ್ಲಿದೆ, ಆದ್ದರಿಂದ ಅಲ್ಲಿಗೆ ಶಾಖ ಬೇಗ ತಲುಪಬೇಕು. ನಮ್ಮ ಡೆಕ್ ಓವನ್ನಿನಲ್ಲಿ ಕೆಳಗೆ 180, ಮೇಲೆ 165 ಡಿಗ್ರಿ ಇಟ್ಟು, ಟ್ರೇ ಇಲ್ಲದೆ ಟಿನ್ ನೇರವಾಗಿ ಡೆಕ್ಕಿನ ಮೇಲೆ ಇಡುತ್ತೇವೆ. ಮನೆಯ ಓವನ್ ಆದರೆ 170 ಡಿಗ್ರಿ, ಕೆಳಗಿನ ಕಂಬಿ, ಗಾಜಿನ ಪಾತ್ರೆಯ ಬದಲು ಲೋಹದ ಟಿನ್. ನಲವತ್ತೈದರಿಂದ ಐವತ್ತು ನಿಮಿಷ ಬೇಕಾಗುತ್ತದೆ.

ಬೆಂದಿದೆಯೇ ಎಂದು ನೋಡಲು ಕಡ್ಡಿಯನ್ನು ಹಣ್ಣಿನವರೆಗೆ ಚುಚ್ಚಿದರೆ ಅದು ಯಾವಾಗಲೂ ಒದ್ದೆಯಾಗಿಯೇ ಬರುತ್ತದೆ, ಏನೂ ತಿಳಿಯುವುದಿಲ್ಲ. ಥರ್ಮಾಮೀಟರ್ ಇದ್ದರೆ ಹಣ್ಣಿಗಿಂತ ಸ್ವಲ್ಪ ಮೇಲೆ ನಿಲ್ಲಿಸಿ. ನಮ್ಮ ಓವನ್ ನೋಡಿಕೊಳ್ಳುವ ಹುಡುಗ ಒಮ್ಮೆ ಕೇಳಿದ, "ಅಕ್ಕ, ರೆಸಿಪಿಯಲ್ಲಿ 98 ಡಿಗ್ರಿ ಅಂತ ಇದೆ, ಇದು 95ರ ಮೇಲೆ ಹೋಗ್ತಾನೇ ಇಲ್ಲ."

"ಹೋಗೋದಿಲ್ಲ ಕಣೋ," ಎಂದೆ. "ಬೆಂಗಳೂರು ಇರೋದು ಸಮುದ್ರಮಟ್ಟಕ್ಕಿಂತ ಒಂಬೈನೂರು ಮೀಟರ್ ಮೇಲೆ. ಇಲ್ಲಿ ನೀರು ಕುದಿಯೋದೇ 97ರ ಹತ್ತಿರ. ತೇವ ಇರೋ ಸ್ಪಂಜ್ ಅದಕ್ಕಿಂತ ಬಿಸಿ ಆಗೋದು ಹೇಗೆ?"

ನಮ್ಮಲ್ಲಿ 94 ಬಂದರೆ ಬೆಂದಿದೆ ಎಂದೇ ಲೆಕ್ಕ. 98ಕ್ಕೆ ಕಾಯುತ್ತಾ ಕೂತರೆ ಅಂಚು ಒಣಗಿ, ಕ್ಯಾರಮೆಲ್ ಕಹಿಯಾಗುತ್ತದೆ.

ಹೊರಗೆ ತೆಗೆದ ಮೇಲೂ ಕೆಲಸ ಬಾಕಿ ಇದೆ. ತಕ್ಷಣ ಮಗುಚಿದರೆ ಕ್ಯಾರಮೆಲ್ ಇನ್ನೂ ನೀರಾಗಿರುತ್ತದೆ, ಸ್ಪಂಜಿಗೆ ಇಳಿಯುತ್ತದೆ. ಪೂರ್ತಿ ಆರಿದ ಮೇಲೆ ಮಗುಚಿದರೆ ಹಣ್ಣು ಟಿನ್ನಿಗೆ ಅಂಟುತ್ತದೆ, ಜೊತೆಗೆ ಒಳಗಿನ ಹಬೆ ಗೋಡೆಗೆ ತಾಗಿ ನೀರಾಗಿ ಸ್ಪಂಜಿಗೇ ಸೇರುತ್ತದೆ. ಹತ್ತು ನಿಮಿಷ ಸರಿಯಾದ ಹೊತ್ತು. ಮಗುಚಿ, ಟಿನ್ ಹಾಗೇ ಎರಡು ನಿಮಿಷ ಬಿಟ್ಟು ಮೇಲೆತ್ತಿ. ಆಮೇಲೆ ಜಾಲರಿಯ ಮೇಲೆ ಪೂರ್ತಿ ಆರಲಿ. ಬೆಚ್ಚಗಿರುವಾಗಲೇ ಡಬ್ಬಕ್ಕೆ ಹಾಕಿದರೆ ಮುಚ್ಚಳದಿಂದ ನೀರು ತೊಟ್ಟಿಕ್ಕುತ್ತದೆ. ಡೆಲಿವರಿಯವರು ಬಾಗಿಲಲ್ಲಿ ನಿಂತು ಅವಸರ ಮಾಡಿದರೂ ನಾನು ಈ ಒಂದು ವಿಷಯದಲ್ಲಿ ಸಡಿಲ ಬಿಡುವುದಿಲ್ಲ.

ಮಾರನೆಯ ದಿನಕ್ಕೆ ಬೇಕೆಂದು ಕೇಳುವ ಗಿರಾಕಿಗಳಿಗೆ ನಾವು ಮೊದಲೇ ಹೇಳಿಬಿಡುತ್ತೇವೆ. ಕ್ಯಾರಮೆಲ್ ಗಾಳಿಯ ತೇವ ಎಳೆಯುತ್ತದೆ, ಮಳೆಗಾಲದಲ್ಲಂತೂ ಬೇಗ. ಫ್ರಿಜ್ಜಿನಲ್ಲಿಟ್ಟರೂ ರಾತ್ರಿ ಕಳೆಯುವಷ್ಟರಲ್ಲಿ ಮೇಲೆ ಪಾಕ ಒಸರಿ ಅಂಚಿನಿಂದ ಇಳಿಯುತ್ತದೆ, ಸ್ಪಂಜಿನ ಬೆಣ್ಣೆ ಗಟ್ಟಿಯಾಗುತ್ತದೆ. ಅಂಥವರಿಗೆ ಬೆಳಿಗ್ಗೆ ಹೊಸದಾಗಿ ಮಾಡಿಕೊಡುವುದೇ ವಾಸಿ. ಮೇಲಿಂದ ಕೆಳಗೆ ಕತ್ತರಿಸಿದಾಗ ಹಣ್ಣಿನ ಕೆಳಗೆ ಮೂರು ನಾಲ್ಕು ಮಿಲಿಮೀಟರ್ ತೇವ ಕಂಡರೆ ಗಾಬರಿ ಬೇಡ. ಅಷ್ಟು ಇರಲೇಬೇಕು. ಅದೂ ಇಲ್ಲದಿದ್ದರೆ ಹಣ್ಣು ಸ್ಪಂಜಿನಿಂದ ಹಪ್ಪಳದ ಹಾಗೆ ಎದ್ದು ಬರುತ್ತದೆ.

ಬೇರೆ ಹಣ್ಣಿಗೆ ಇದೇ ಲೆಕ್ಕ ಹಿಡಿಯಬೇಡಿ. ನೇಂದ್ರ ಬಾಳೆಗೆ ರಸ ಕಡಿಮೆ, ತವಾ ಬೇಡ, ಕತ್ತರಿಸಿ ನೇರ ಜೋಡಿಸಬಹುದು. ಚೆನ್ನಾಗಿ ಮಾಗಿದ ಮಾವು ತವಾದಲ್ಲಿ ಕರಗಿಹೋಗುತ್ತದೆ. ಅದಕ್ಕೆ ಸ್ವಲ್ಪ ಗಟ್ಟಿ ಇರುವ ತೋತಾಪುರಿ ಆರಿಸಿ, ಒಂದು ಬದಿ ಮಾತ್ರ ಬೇಯಿಸಿ, ಬೆಂದ ಬದಿಯನ್ನು ಹಿಟ್ಟಿನ ಕಡೆಗೆ ಇಡಿ.