ತೋಳು ಕೊನೆಗೂ ನಿಂತಿತು: ಐ ಕೊಟ್ಟ ಕಾಟ

ಒಂಟಿ ಪ್ರೊಪೆಲ್ಲರ್ ತೋಳಿಗೆ 20 ಡಿಗ್ರಿ ಅಂದರೆ ಈಗ 20ರಲ್ಲೇ ನಿಲ್ಲುತ್ತದೆ. ನಿಲ್ಲಿಸುವುದು ಪಿಐಡಿ ನಿಯಂತ್ರಣ: ಪಿ ಈಗಿನ ತಪ್ಪಿಗೆ ತಕ್ಕಷ್ಟು ತಳ್ಳುತ್ತದೆ, ಐ ಕೂಡಿಟ್ಟ ತಪ್ಪಿಗೆ ತಕ್ಕಷ್ಟು, ಡಿ ವೇಗಕ್ಕೆ ತಡೆ ಒಡ್ಡುತ್ತದೆ. Kp, Ki, Kd ಅಂದರೆ ಅವು ಎಷ್ಟೆಷ್ಟು ಎಂಬ ಅಂಕಿಗಳು. ಅಡಿಗೆ ಶಹಾಬಾದ್ ಕಲ್ಲಿನ ತುಂಡು ಹಾಕಿದ್ದೇನೆ. ಕಲಬುರಗಿಯಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಗಟ್ಟಿ ಬೇಸ್ ಬೇರೆ ಯಾವುದಿದೆ? ವೈರಿಂಗ್ ಕಥೆ ಬಿಡಿ. ಪ್ರೊಪೆಲ್ಲರ್ 'ಜೋಡಿ' ಅಂತ ಬಿಲ್ ಹಾಕಿದವರು ಎರಡನ್ನೂ ಒಂದೇ ದಿಕ್ಕಿನವು ಕಳಿಸಿದ್ದಾರೆ. ಪುಣ್ಯಕ್ಕೆ ನನಗೆ ಒಂದೇ ಸಾಕಿತ್ತು.

ಮೋಟಾರ್ ಆಫ್ ಇಟ್ಟು ತಳ್ಳಿ ಬಿಟ್ಟರೆ ತೋಳಿನ ಒಂದು ತೂಗಾಟಕ್ಕೆ ಸುಮಾರು 3.1 ಸೆಕೆಂಡು. ಪ್ರತಿ ತೂಗಾಟವೂ ಹಿಂದಿನದರ ಹೆಚ್ಚುಕಡಿಮೆ ಅರ್ಧ. ಮಾದರಿ ಬರೆಯಲು ಇಷ್ಟು ಸಾಕು, θ ತೋಳಿನ ಕೋನ, u ಮೋಟಾರಿನ ತಳ್ಳು:

```
θ'' + 0.4 θ' + 4 θ = u
```

ಪಿ ಸ್ಪ್ರಿಂಗ್ ಇದ್ದ ಹಾಗೆ. Kp = 12 ಕೊಟ್ಟರೆ 4 ಇದ್ದದ್ದು 16 ಆಗುತ್ತದೆ, ತೂಗಾಟದ ವೇಗ ದುಪ್ಪಟ್ಟು. ಆದರೆ ತೂಗಾಟಕ್ಕೆ ತಡೆಯಾದ 0.4 ಹಾಗೇ ಉಳಿಯುತ್ತದೆ. ಅಂದರೆ ತೂಗಾಟ ಅಡಗಲು ಮೊದಲಿನಷ್ಟೇ ಹೊತ್ತು ಬೇಕು, ಅಷ್ಟರಲ್ಲಿ ಕುಣಿತ ಮಾತ್ರ ಜಾಸ್ತಿ. ಕೊನೆಗೆ ನಿಲ್ಲುವುದೂ 20ರ 12/16 ಭಾಗದಲ್ಲಿ, 15 ಡಿಗ್ರಿಗೆ.

ಆ 5 ಡಿಗ್ರಿ ತುಂಬಲು ಐ ಬೇಕೇ ಬೇಕು. ಡಿ ಹಾಕಿದಾಗಲೆಲ್ಲ ಮೋಟಾರ್ ಕಿರುಗುಡುತ್ತಿತ್ತು. ಹಾಗಾಗಿ ಅದನ್ನು ಸೊನ್ನೆ ಮಾಡಿ Ki = 8 ಕೊಟ್ಟು ನೋಡಿದೆ. ತೋಳು ಪ್ರತಿ ಸುತ್ತಿಗೂ ಇನ್ನಷ್ಟು ಎತ್ತರಕ್ಕೆ ಹಾರಿತು, ಕೊನೆಗೆ ಸ್ಟಾಪರ್‌ಗೆ ಬಡಿಯಿತು. ಐ ಸೇರಿದರೆ ವ್ಯವಸ್ಥೆ ಮೂರನೇ ದರ್ಜೆಯದಾಗುತ್ತದೆ. ಆಗ ಸ್ಥಿರವಾಗಿರಲು ಷರತ್ತು ಇದು:

```
Ki < (0.4 + Kd) * (4 + Kp)
```

ಡಿ ಸೊನ್ನೆಯಾದರೆ ಮಿತಿ 6.4. ನಾನು ಕೊಟ್ಟದ್ದು 8! ಐ ಹಳೆಯ ತಪ್ಪನ್ನು ಕೂಡಿಟ್ಟುಕೊಂಡು ತಡವಾಗಿ ತಳ್ಳುತ್ತದೆ. ಆ ತಳ್ಳಾಟವನ್ನು ನುಂಗಲು ತಡೆ ಬೇಕು, ಆ ತಡೆ ಕೊಡುವುದು ಡಿ. Kd = 5.2 ಆದರೆ ಮಿತಿ 89.6ಕ್ಕೆ ಏರುತ್ತದೆ. ಇದು ಕಾಗದದ ಲೆಕ್ಕ. ಮೋಟಾರಿನ ವಿಳಂಬ ಸೇರಿದರೆ ನಿಜವಾದ ಮಿತಿ ಅದಕ್ಕಿಂತ ಕೆಳಗೇ.

ಇನ್ನು ಕಿರುಗುಡುವಿಕೆ. 5 ಮಿಲಿಸೆಕೆಂಡಿಗೊಮ್ಮೆ ಕೋನ ಓದುತ್ತೇನೆ. ಓದಿದ್ದು ಬರೀ 0.1 ಡಿಗ್ರಿ ಅಲುಗಿದರೂ, ಭಾಗಿಸಿದಾಗ ಸೆಕೆಂಡಿಗೆ 20 ಡಿಗ್ರಿಯ ಸುಳ್ಳು ವೇಗ ಬರುತ್ತದೆ. ಅದನ್ನು 5.2ರಿಂದ ಗುಣಿಸಿದರೆ ಮೋಟಾರ್ ಅಳದೆ ಇನ್ನೇನು? ವೇಗವನ್ನು ನೇರವಾಗಿ ಜೈರೋದಿಂದಲೇ ತೆಗೆದುಕೊಂಡೆ. ಕೆಳಗೆ ref ಗುರಿ, th ಓದಿದ ಕೋನ, sumE ಪ್ರತಿ ಓದಿನ ತಪ್ಪನ್ನು 0.005ರಿಂದ ಗುಣಿಸಿ ಕೂಡುತ್ತಾ ಬಂದ ಮೊತ್ತ:

```
u = Kp*(ref - th) + Ki*sumE - Kd*gyro;
```

ಇದರಲ್ಲಿ ಇನ್ನೊಂದು ಲಾಭವಿದೆ. ಡಿ ಒಳಗೆ ref ಇಲ್ಲ, ಹಾಗಾಗಿ ಗುರಿಯನ್ನು ಒಮ್ಮೆಲೇ 0ಯಿಂದ 20ಕ್ಕೆ ಬದಲಿಸಿದರೂ ಡಿ ಕಡೆಯಿಂದ ಒದೆತ ಬರುವುದಿಲ್ಲ. Ki = 10ರಲ್ಲಿ ಸುಮಾರು 2 ಸೆಕೆಂಡಿಗೆ ತೋಳು ಗುರಿಗೆ ಬಂದು ಕೂರುತ್ತದೆ. ಗುರಿಯನ್ನು ಒಂದು ಡಿಗ್ರಿಯಷ್ಟು ದಾಟಿ ಮರಳುತ್ತದೆ, ಆದರೆ ಕುಣಿತವಿಲ್ಲ. sumEಗೆ ಮಿತಿ ಹಾಕಲು ಮರೆಯಬೇಡಿ. ತೋಳನ್ನು ಕೈಯಲ್ಲಿ ಹಿಡಿದುಕೊಂಡಿದ್ದು ಬಿಟ್ಟರೆ ಆ ಮೊತ್ತವೆಲ್ಲ ಒಮ್ಮೆಲೇ ಮೈಮೇಲೆ ಬರುತ್ತದೆ.

ಮುಂದಿನದು ಹಳಿಯ ಮೇಲೆ ಉರುಳುವ ಚೆಂಡು. ಅಲ್ಲಿ ಆ 4 ಕೂಡ ಇಲ್ಲ, ಹಳಿ ವಾಲಿದಷ್ಟು ಹೊತ್ತೂ ಚೆಂಡಿನ ವೇಗ ಏರುತ್ತಲೇ ಹೋಗುತ್ತದೆ. ಬರೀ ಪಿ ಹಾಕಿದರೆ ಅದು ಆಚೆ ಈಚೆ ಓಡಾಡುತ್ತಲೇ ಇರುತ್ತದೆ, ಆದ್ದರಿಂದ ಡಿಯಿಂದಲೇ ಶುರು ಮಾಡುತ್ತೇನೆ. ಅಲ್ಯುಮಿನಿಯಂ ಚಾನೆಲ್‌ಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋಗಬೇಕು. ಸರ್ವೋ ಮಾತ್ರ ಆ ಪಾರ್ಸೆಲ್‌ನವರಿಂದ ತರಿಸುವುದಿಲ್ಲ.