ಏಲಕ್ಕಿ ಡ್ರೈಯರ್ ಲಾಗ್: 78 ಡಿಗ್ರಿಗೆ ಅಳೋ ಸೇಫ್ಟಿ ವಾಲ್ವ್ ಕೊನೆಗೂ ಸುಮ್ನಾಯ್ತು

ಸೌದೆ ಬಾಯ್ಲರ್, ಪಂಪು, ಒಣಗಿಸೋ ಕೋಣೆ ಪೈಪು ಎಲ್ಲಾ ಕೂತಿದೆ, ಅದರ ಕಥೆ ಬೇಡ. ತಲೆ ತಿಂದಿದ್ದು ಎಕ್ಸ್‌ಪಾನ್ಶನ್ ಟ್ಯಾಂಕು, ಅಂದ್ರೆ ಬಿಸಿಗೆ ಹಿಗ್ಗಿದ ನೀರಿಗೆ ಜಾಗ ಕೊಡೋ ಡಬ್ಬ: ಒಳಗೆ ಡಯಾಫ್ರಮ್ ಅನ್ನೋ ರಬ್ಬರ್ ಪರದೆ, ಅದರ ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. ಲೂಪಲ್ಲಿ ಒಟ್ಟು 120 ಲೀಟರ್ ನೀರು. ಅಂಗಡಿಯವ್ರು "8 ಲೀಟರ್ ಟ್ಯಾಂಕ್ ಧಾರಾಳ ಸಾರ್" ಅಂದಿದ್ರು, ಬಿಸಿ 78 ದಾಟಿದ್ರೆ ಸಾಕು 3 ಬಾರ್ ವಾಲ್ವು ತೊಟ್ಟಿಕ್ಕೋಕೆ ಶುರು. ರಾತ್ರಿ ತಣ್ಣಗಾದ್ಮೇಲೆ ಚೆಲ್ಲಿದಷ್ಟು ನೀರು ಕಮ್ಮಿ, ಗೇಜ್ ಕೆಳಗಿಳಿದು ಪೈಪಲ್ಲಿ ಗುಳುಗುಳು.

ಸುಳಿವು ಸಿಕ್ಕಿದ್ದು ಗೇಜ್ ಮುಳ್ಳಲ್ಲಿ. 1 ಬಾರ್‌ಗೆ ತುಂಬಿಸಿದ್ದೆ, ಒಲೆ ಹೊತ್ತಿದ ಸ್ವಲ್ಪಕ್ಕೇ ಟಕ್ಕಂತ 1.5ಕ್ಕೆ ಹಾರಿ ಆಮೇಲೆ ನಿಧಾನಕ್ಕೆ ಏರ್ತಿತ್ತು. ಅಂದ್ರೆ ಟ್ಯಾಂಕ್ ಒಳಗಿನ ಗಾಳಿ 1.5 ಬಾರ್, ಅಲ್ಲಿವರೆಗೆ ಒಂದು ಹನಿ ನೀರೂ ಒಳಗೆ ಹೋಗಲ್ಲ. ಗಾಳಿ ಲೆಕ್ಕ ಮಾಡುವಾಗ ಗೇಜ್ ರೀಡಿಂಗ್‌ಗೆ 1 ಸೇರಿಸ್ಬೇಕು, ಸೋ 2.5ರಿಂದ 4ಕ್ಕೆ ಒತ್ತಿದ್ರೆ 8 ಲೀಟರ್ ಟ್ಯಾಂಕು ನುಂಗೋದು ಬರೀ 3 ಲೀಟರ್. 25 ಡಿಗ್ರಿಯ 120 ಲೀಟರ್ ನೀರು ಅಷ್ಟು ಹಿಗ್ಗೋದು ಸುಮಾರು 78ಕ್ಕೇ. ಲೆಕ್ಕ ಕಣ್ಣ ಮುಂದೆ ತೊಟ್ಟಿಕ್ತಾ ಇತ್ತು!

ಸೌದೆ ಒಲೆಗೆ ಆಫ್ ಸ್ವಿಚ್ ಇಲ್ಲ, ಕರೆಂಟ್ ಹೋದ್ರೆ ಪಂಪ್ ನಿಂತು ಬಿಸಿ ಓಡುತ್ತೆ, ಅದಕ್ಕೆ 95ಕ್ಕೆ ಲೆಕ್ಕ ಹಾಕ್ದೆ. 25ರಿಂದ 95ಕ್ಕೆ ನೀರು 3.65% ಹಿಗ್ಗುತ್ತೆ, 120ಕ್ಕೆ 4.4 ಲೀಟರ್. ಗಾಳಿ 1 ಬಾರ್‌ಗಿಳಿಸಿ, ತಣ್ಣಗಿದ್ದಾಗ 1.3ಕ್ಕೆ ತುಂಬಿ, ಜಾಸ್ತಿ ಅಂದ್ರೆ 2.5 ಅಂತಿಟ್ಕೊಂಡ್ರೆ:

```
V = 4.4 / (2/2.3 - 2/3.5) = 14.8
```

ಆ 1.3 ಯಾಕಂದ್ರೆ ಟ್ಯಾಂಕಲ್ಲಿ ಮೊದ್ಲೇ ಒಂದಿಷ್ಟು ನೀರು ರಿಸರ್ವ್ ಇರ್ಲಿ, ಸಣ್ಣಪುಟ್ಟ ಸೋರಿಕೆಗೆ ಅದೇ ಆಗುತ್ತೆ. 14.8 ಯಾರೂ ಮಾರಲ್ಲ, 18 ಲೀಟರ್ ತಂದೆ. ಅದನ್ನ ಕೇಳಿದ್ರೆ ಮೊದ್ಲು ಆರ್‌ಓ ಫಿಲ್ಟರ್ ಟ್ಯಾಂಕ್ ತೋರಿಸಿದ್ರು ಪುಣ್ಯಾತ್ಮರು, ಬಿಸಿನೀರಿಗೆ ಅದರ ರಬ್ಬರ್ ಎಲ್ಲಿ ತಡಿಯುತ್ತೆ?

ಮಧ್ಯೆ ಒಂದು ಹುಚ್ಚು ಬಂದಿದೆ: ಇದೇ ಲೂಪಿಂದ ಬಚ್ಚಲಿಗೂ ಒಂದು ಸುತ್ತು ಎಳೆದು ಸ್ನಾನದ ನೀರು ಕಾಯಿಸೋದು. ಅದಕ್ಕೆ ಇನ್ನೊಂದು 60 ಲೀಟರ್ ಸೇರಿದ್ರೆ 95ಕ್ಕೆ ಹಿಗ್ಗೋದು 6.6 ಲೀಟರ್, ಈ 18ರಲ್ಲಿ ಒತ್ತಡ ಹತ್ತತ್ರ 3 ಬಾರ್, ಮತ್ತೆ ಅದೇ ವಾಲ್ವ್ ಬಾಗಿಲಿಗೆ. ಹಳೇ 8 ಲೀಟರ್ದನ್ನೂ ಪಕ್ಕದಲ್ಲೇ ಜೋಡಿಸಿದ್ರೆ 2.3ರೊಳಗೆ ನಿಲ್ಲುತ್ತೆ, ಮಳೆಗಾಲ ಮುಗೀಲಿ ನೋಡೋಣ.

ಹೊಸ ಟ್ಯಾಂಕನ್ನ ರಿಟರ್ನ್ ಪೈಪಿಗೆ ಕೂರಿಸಿದೀನಿ, ಅಲ್ಲಿ ನೀರು ಸ್ವಲ್ಪ ತಣ್ಣಗಿರುತ್ತೆ, ಡಯಾಫ್ರಮ್‌ಗೆ ಒಳ್ಳೇದು. ಗಾಳಿ ಚೆಕ್ ಮಾಡೋದು ನೀರಿನ ಕಡೆ ಪೂರ್ತಿ ಖಾಲಿ ಮಾಡಿ, ಇಲ್ಲಾಂದ್ರೆ ಟೈರ್ ಗೇಜ್ ತೋರಿಸೋದು ಲೂಪಿನ ಒತ್ತಡ ಅಷ್ಟೇ. ನಿನ್ನೆ 80 ಡಿಗ್ರಿಯಲ್ಲಿ ಮುಳ್ಳು 1.9ರ ಹತ್ರ ನಿಂತಿತ್ತು, ಲೆಕ್ಕದಲ್ಲಿ 1.87. ಆದ್ರೆ ನೀರು ಕುದ್ದು ಆವಿಯಾದ್ರೆ ಯಾವ ಟ್ಯಾಂಕೂ ತಡಿಯಲ್ಲ, ಅದಕ್ಕೇ ಸೇಫ್ಟಿ ವಾಲ್ವಿಗೂ ಬಾಯ್ಲರಿಗೂ ಮಧ್ಯೆ ಬಾಲ್ ವಾಲ್ವ್ ಹಾಕೋಣ ಅಂದ ಪ್ಲಂಬರ್‌ನ ಚಾ ಕುಡಿಸಿ ಕಳ್ಸಿದೀನಿ.